‘ಡಿ’ಗೆ ಹಾಕಿದರೂ ಕಾರು ಯಾಕೆ ತಡೆಯುತ್ತದೆ?

ಬೆಳಿಗ್ಗೆ ಆಟೋಮ್ಯಾಟಿಕ್ ಕಾರನ್ನು ಸ್ಟಾರ್ಟ್ ಮಾಡಿ ಲಿವರನ್ನು ‘ಡಿ’ಗೆ ತಂದರೆ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಗೇರ್ ಹಿಡಿಯಬೇಕು. ಮೂರ್ನಾಲ್ಕು ಸೆಕೆಂಡು ಸುಮ್ಮನಿದ್ದು ಆಮೇಲೆ ಧಡ್ ಎಂದು ಜಗ್ಗಿದರೆ, ಗೇರ್‌ಬಾಕ್ಸೇ ಹೋಯಿತೆಂದು ಮಾಲೀಕರು ಹೆದರುತ್ತಾರೆ. ಅದನ್ನು ಬಿಚ್ಚಿಸುವ ಮೊದಲು ಒಳಗಿನ ಎಣ್ಣೆ ನೋಡಲೇಬೇಕು.

ಇದು ಟಾರ್ಕ್ ಕನ್ವರ್ಟರ್ ಇರುವ ಕಾರುಗಳ ಮಾತು. ಎಎಂಟಿ ಕಾರಿನಲ್ಲಿರುವುದು ಮಾಮೂಲಿ ಕ್ಲಚ್ಚು, ಅಲ್ಲಿ ಜರ್ಕಿಗೆ ಕಾರಣಗಳೇ ಬೇರೆ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನಲ್ಲಿ ಪಂಪು ಒತ್ತಡದಿಂದ ಕಳಿಸುವ ಎಣ್ಣೆಯೇ ಪಿಸ್ಟನ್ನನ್ನು ತಳ್ಳಿ ಕ್ಲಚ್ ಪ್ಲೇಟುಗಳನ್ನು ಬಿಗಿಯಾಗಿ ಒತ್ತಿಹಿಡಿಯುತ್ತದೆ. ಒತ್ತಡ ಏರಲು ತಡವಾದರೆ ಗೇರ್ ಹಿಡಿಯುವುದೂ ತಡ. ಅಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದ್ದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪ್ಲೇಟುಗಳು ಹಿಡಿದ ಕ್ಷಣ ಹೊಡೆತ ಬೀಳುತ್ತದೆ.

ಡಿಪ್‌ಸ್ಟಿಕ್ ಇರುವ ಕಾರಾದರೆ ಸ್ವಲ್ಪ ದೂರ ಓಡಿಸಿ ಎಣ್ಣೆ ಬಿಸಿಯಾಗಲು ಬಿಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಲಿವರನ್ನು ಎಲ್ಲ ಸ್ಥಾನಗಳಿಗೂ ಒಯ್ದು ‘ಪಿ’ಗೆ ತನ್ನಿ. ಬಹುತೇಕ ಕಾರುಗಳಲ್ಲಿ ಇಂಜಿನ್ ಚಾಲೂ ಇರುವಾಗಲೇ ಮಟ್ಟ ನೋಡಬೇಕು, ಆದರೂ ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳಿ. ಈಚಿನ ಅನೇಕ ಕಾರುಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಅವನ್ನು ಲಿಫ್ಟಿನ ಮೇಲೆತ್ತಿ, ನಿಗದಿತ ಉಷ್ಣತೆಯಲ್ಲಿ ತಳದ ಪ್ಲಗ್ ಬಿಚ್ಚಿ ನೋಡಬೇಕಾದ್ದರಿಂದ ಅದು ಗ್ಯಾರೇಜಿನ ಕೆಲಸ.

ಡಿಪ್‌ಸ್ಟಿಕ್ಕಿನ ಒಂದು ತೊಟ್ಟನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಒಂದೇ ತೊಂದರೆಯ ಎರಡು ಕಾರುಗಳು ಇಲ್ಲೇ ಬೇರೆಯಾಗುತ್ತವೆ.

ಮೊದಲ ಕಾರಿನ ತೊಟ್ಟು ಕೆಂಪಾಗಿ, ತಿಳಿಯಾಗಿ ಹರಡುತ್ತದೆ, ಆದರೆ ಮಟ್ಟ ಕೆಳಗಿನ ಗೆರೆಯನ್ನೂ ಮುಟ್ಟಿಲ್ಲ. ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆದುಕೊಂಡು ನೊರೆ ಏಳುತ್ತಿದೆ, ನೊರೆಯಿಂದ ಒತ್ತಡ ಏರುವುದಿಲ್ಲ. ಈ ಎಣ್ಣೆ ಉರಿದು ಖರ್ಚಾಗುವಂಥದ್ದಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆಕ್ಸಲ್ ಸೀಲನ್ನೋ ಕೂಲರ್ ಪೈಪನ್ನೋ ಸರಿಮಾಡಿಸಿ, ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನೇ ಸ್ವಲ್ಪಸ್ವಲ್ಪ ತುಂಬಿಸಿದರೆ ಸಾಕಾಗಬಹುದು. ಹೆಚ್ಚು ತುಂಬಿದರೂ ನೊರೆ ಏಳುತ್ತದೆ.

ಎರಡನೆಯದರಲ್ಲಿ ಮಟ್ಟ ಸರಿಯಿದೆ, ಎಣ್ಣೆ ಮಾತ್ರ ಕಪ್ಪು. ಮೂಗಿಗೆ ಹಿಡಿದರೆ ಸೀದ ವಾಸನೆ, ಬೆರಳಲ್ಲಿ ತಿಕ್ಕಿದರೆ ನುಣ್ಣನೆಯ ಕಪ್ಪು ಪುಡಿ. ಅದು ಪ್ಲೇಟುಗಳ ಮೇಲಿನ ಲೈನಿಂಗ್. ಸೀಲುಗಳು ಗಟ್ಟಿಯಾಗಿ ಒತ್ತಡ ಸೋರಿ, ಪ್ಲೇಟು ಜಾರಿ ಸುಟ್ಟಿರುವ ಸಂಭವವೇ ಹೆಚ್ಚು. ಹೊಸ ಎಣ್ಣೆ ಹಾಕಿದರೆ ಸವೆದ ಲೈನಿಂಗ್ ಮರಳಿ ಬರುವುದಿಲ್ಲ. ಇಲ್ಲಿ ಬಿಚ್ಚಿಸುವುದು ಅನಿವಾರ್ಯ. ಬರೀ ಕಂದು ಬಣ್ಣವಿದ್ದು ಸೀದ ವಾಸನೆ ಇಲ್ಲದಿದ್ದರೆ ಅಷ್ಟು ಹೆದರಬೇಕಿಲ್ಲ, ವಯಸ್ಸಾದ ಎಣ್ಣೆ ಕಂದಾಗುವುದು ಸಹಜ.

ಬಣ್ಣ ನೋಡಿ ತಿಳಿಯದ ದೋಷಗಳೂ ಇವೆ. ಎಣ್ಣೆ ಚೆನ್ನಾಗಿದ್ದು, ಗೇರ್ ತಡವಿಲ್ಲದೆ ಹಿಡಿದು, ಓಡುವಾಗ ಗೇರ್ ಬದಲಾದಾಗ ಮಾತ್ರ ಜರ್ಕ್ ಹೊಡೆದರೆ ಒತ್ತಡ ನಿಯಂತ್ರಿಸುವ ಸೊಲೆನಾಯ್ಡ್ ಅಥವಾ ಇಂಜಿನ್ ಮೌಂಟನ್ನು ಪರೀಕ್ಷಿಸಬೇಕು.

ತೊಟ್ಟು ಗುಲಾಬಿ ಹಾಲಿನಂತೆ ಮಬ್ಬಾಗಿದ್ದರೆ ಮಾತ್ರ ಇಂಜಿನ್ ಆಫ್ ಮಾಡಿ ಕಾರನ್ನು ಲಾರಿಯ ಮೇಲೆ ಹೇರಿಸಿ ಕಳಿಸಿ. ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ಕೂಲೆಂಟ್ ಬೆರೆತಿರಬಹುದು, ನೀರು ತಗುಲಿದರೆ ಲೈನಿಂಗ್ ಹಿಡಿದಿರುವ ಅಂಟು ಬಿಡುತ್ತದೆ.