ಭಾನುವಾರ ಹನ್ನೊಂದೂವರೆಗೋ, ಹನ್ನೆರಡೂವರೆಗೋ?

ಕೈಗಡಿಯಾರವನ್ನು ತಲೆಕೆಳಗೆ ಮಾಡಿ ಹಿಡಿದರೆ ಲಂಡನ್ನಿನ ಸಮಯ ಕಾಣುತ್ತದೆ ಎಂಬುದು ಹಳೆಯ ಚಮತ್ಕಾರ. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಮಧ್ಯಾಹ್ನ 3 ಗಂಟೆಯ ಮುಳ್ಳುಗಳನ್ನು ಮಗುಚಿ ನೋಡಿದರೆ ಒಂಬತ್ತೂವರೆ, ಲಂಡನ್ನಿನಲ್ಲೂ ಆಗ ಬೆಳಗಿನ ಒಂಬತ್ತೂವರೆಯೇ. ಆದರೆ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಈ ಚಮತ್ಕಾರ ನಡೆಯದು. ಆ ತಿಂಗಳುಗಳಲ್ಲಿ ಬ್ರಿಟನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿರುತ್ತದೆ.

ವರ್ಷವಿಡೀ ಮುಳ್ಳು ಮುಟ್ಟದ ಊರಿನಲ್ಲಿರುವವರಿಗೆ ಇದು ಬೇಗ ಮರೆತುಹೋಗುತ್ತದೆ. ದೇಶಾಂತರದಲ್ಲಿ ಹರಡಿಕೊಂಡ ಕನ್ನಡಿಗರ ತಂಡಗಳಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ.

ಹಳೆಯ ಕನ್ನಡ ಪುಸ್ತಕವೊಂದನ್ನು ಕನ್ನಡ ವಿಕಿಸೋರ್ಸ್‌ಗೆ ಏರಿಸಲು ಹೊರಟ ತಂಡವೊಂದನ್ನು ಊಹಿಸಿಕೊಳ್ಳೋಣ. ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಇನ್ನೂರು ಪುಟ. ಬೆಂಗಳೂರಿನಲ್ಲಿ ಇಬ್ಬರು, ಮೈಸೂರಿನಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು, ಲಂಡನ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಮತ್ತು ಸಿಡ್ನಿಯಲ್ಲಿ ಒಬ್ಬೊಬ್ಬರು. ಎಲ್ಲರಿಗೂ ಹೊಟ್ಟೆಪಾಡಿನ ಕೆಲಸ ಬೇರೆ ಇದೆ, ಪುಸ್ತಕಕ್ಕೆ ಸಿಗುವುದು ರಾತ್ರಿ ಊಟವಾದ ಮೇಲಿನ ಒಂದೆರಡು ಗಂಟೆ. ವಾರಕ್ಕೊಮ್ಮೆ ಎಲ್ಲರೂ ಮಾತಾಡಬೇಕು. ಯಾವಾಗ?

ಬೆಂಗಳೂರಿನವರು ಮೊದಲು ಹೇಳುವುದು ರಾತ್ರಿ 8 ಗಂಟೆ. ಜನವರಿಯಲ್ಲಿ ಅದು ಲಂಡನ್ನಿಗೆ ಮಧ್ಯಾಹ್ನ ಎರಡೂವರೆ, ಸ್ಯಾನ್ ಹೋಸೆಗೆ ಬೆಳಿಗ್ಗೆ ಆರೂವರೆ. ಇಬ್ಬರಿಗೂ ನಡೆಯುತ್ತದೆ. ಸಿಡ್ನಿಯಲ್ಲಿ ಮಾತ್ರ ಆಗ ಮರುದಿನದ ನಡುರಾತ್ರಿ ಒಂದೂವರೆ. ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ಹುಡುಕುತ್ತಾ ಹೋದರೆ ಯಾರ ನಿದ್ದೆಯನ್ನೂ ಪೂರ್ತಿ ಕೆಡಿಸದ ಕಿಂಡಿ ಒಂದೇ ಸಿಗುತ್ತದೆ: ಭಾನುವಾರ ಬೆಂಗಳೂರಿನ ಹನ್ನೆರಡೂವರೆ. ಲಂಡನ್ನಿನಲ್ಲಿ ಅದು ಭಾನುವಾರ ಬೆಳಿಗ್ಗೆ 7, ಸಿಡ್ನಿಯಲ್ಲಿ ಸಂಜೆ 6, ಸ್ಯಾನ್ ಹೋಸೆಯಲ್ಲಿ ಇನ್ನೂ ಶನಿವಾರ ರಾತ್ರಿ 11. ಯಾರಿಗೂ ಹಬ್ಬವಲ್ಲ, ಯಾರಿಗೂ ಶಿಕ್ಷೆಯೂ ಅಲ್ಲ.

ಇಷ್ಟಾದರೆ ಲೆಕ್ಕ ಮುಗಿಯಿತು ಎಂದುಕೊಳ್ಳುವುದು ಜನವರಿಯ ಭ್ರಮೆ. ಈ ಸಭೆಯನ್ನು ಕ್ಯಾಲೆಂಡರಿಗೆ ಹಾಕುವಾಗ ಅದನ್ನು ಯಾವ ಊರಿನ ಗಡಿಯಾರಕ್ಕೆ ಕಟ್ಟುತ್ತೀರಿ ಎಂಬ ಪ್ರಶ್ನೆ ಉಳಿದೇ ಇದೆ. ಬೆಂಗಳೂರಿನವರು ತಮ್ಮ ಫೋನಿನಲ್ಲಿ ಸಭೆ ನಮೂದಿಸಿದರೆ ಅದು ತಾನಾಗಿಯೇ Asia/Kolkata ಎಂಬ ಹೆಸರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬೆಂಗಳೂರಿನಲ್ಲಿ ಅದು ಎಂದೆಂದಿಗೂ ಹನ್ನೆರಡೂವರೆಯೇ, ಜಾಗ ಬದಲಿಸಬೇಕಾದವರು ಹೊರಗಿನವರು. ಅಮೆರಿಕ ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಅಂದರೆ 2026ರಲ್ಲಿ ಮಾರ್ಚ್ 8ರಂದು, ಮುಳ್ಳು ಮುಂದೆ ತಿರುಗಿಸುತ್ತದೆ. ಅಲ್ಲಿಂದಾಚೆಗೆ ಸ್ಯಾನ್ ಹೋಸೆಯವರಿಗೆ ಸಭೆ ರಾತ್ರಿ 11ರಿಂದ 12ಕ್ಕೆ ಜಾರುತ್ತದೆ. ಮೊದಲೇ ಅಂಚಿನಲ್ಲಿ ಕೂತಿದ್ದವರನ್ನು ಇನ್ನೊಂದಿಷ್ಟು ತಳ್ಳಿದಂತೆ. ಎರಡು ವಾರ ಅವರು ಬರುತ್ತಾರೆ, ಮೂರನೆಯ ವಾರ ಬರುವುದಿಲ್ಲ. ಏನಾಯಿತೆಂದು ಕೇಳಿದರೆ ‘ಸ್ವಲ್ಪ ಕೆಲಸ ಇತ್ತು’ ಎನ್ನುತ್ತಾರೆ. ನಮ್ಮವರ ಸೌಜನ್ಯ ಇಂಥ ಕಡೆ ಮಾಹಿತಿಯನ್ನೇ ಮುಚ್ಚಿಹಾಕುತ್ತದೆ.

ಸಭೆಯನ್ನು America/Los_Angeles ಗಡಿಯಾರಕ್ಕೆ ಕಟ್ಟಿದರೆ? ಶನಿವಾರ ರಾತ್ರಿ 11 ಅಲ್ಲಿ ವರ್ಷವಿಡೀ 11ಆಗಿಯೇ ಉಳಿಯುತ್ತದೆ. ಆಗ ಸರಿಯುವುದು ಬೆಂಗಳೂರು. ಮಾರ್ಚ್ 15ರ ಭಾನುವಾರದಿಂದ ನವೆಂಬರ್ 1ರವರೆಗೆ ಸಭೆ ಹನ್ನೊಂದೂವರೆಗೆ, ಉಳಿದಂತೆ ಹನ್ನೆರಡೂವರೆಗೆ. ಭಾನುವಾರ ಹಗಲಿನಲ್ಲಿ ಒಂದು ಗಂಟೆ ಆಚೀಚೆ ಆದರೆ ಬೆಂಗಳೂರಿನವರಿಗೆ ನಷ್ಟವೇನಿಲ್ಲ, ಹೆಚ್ಚೆಂದರೆ ಊಟದ ಹೊತ್ತು ಬದಲಾಗುತ್ತದೆ. ಕಡಿಮೆ ಜನ ಇರುವ ಊರಿಗೆ ಗಡಿಯಾರ ಒಪ್ಪಿಸುವುದು ಮೇಲ್ನೋಟಕ್ಕೆ ಉಲ್ಟಾ ಎನ್ನಿಸಬಹುದು. ಆದರೆ ಯಾರ ಸಮಯ ಅಂಚಿಗೆ ಹತ್ತಿರವಿದೆಯೋ ಅವರ ಗಡಿಯಾರಕ್ಕೆ ಸಭೆ ಕಟ್ಟುವುದೇ ಸರಿ. ತಂಡದ ಬಹುಮತ ಎಲ್ಲಿದೆ, ಪುಸ್ತಕ ಯಾರ ಕಪಾಟಿನದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಲಂಡನ್ನಿನವರ ಪಾಡು ಇನ್ನೂ ಸೋಜಿಗದ್ದು. ಯುರೋಪು ಮುಳ್ಳು ತಿರುಗಿಸುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರ, 2026ರಲ್ಲಿ 29ರಂದು. ಅಮೆರಿಕ ತಿರುಗಿಸಿ, ಬ್ರಿಟನ್ ಇನ್ನೂ ತಿರುಗಿಸದ ಮೂರು ವಾರಗಳ ಸಂದಿನಲ್ಲಿ ಮಾರ್ಚ್ 15 ಮತ್ತು 22ರ ಭಾನುವಾರ ಬರುತ್ತವೆ. ಆ ಎರಡು ದಿನ ಮಾತ್ರ ಲಂಡನ್ನಿನ ಸಭೆ 7ರ ಬದಲು ಬೆಳಿಗ್ಗೆ 6ಕ್ಕೆ. 29ರಿಂದ ಮತ್ತೆ 7. ಅಕ್ಟೋಬರ್ 25 ಮತ್ತು ನವೆಂಬರ್ 1ರಂದು ಇದೇ ಪ್ರಸಂಗ ಮತ್ತೊಮ್ಮೆ. ಸಿಡ್ನಿಯಲ್ಲಿ ಋತು ತಿರುವುಮುರುವು. ಅಲ್ಲಿ ಏಪ್ರಿಲ್ 5ಕ್ಕೆ ಗಡಿಯಾರ ಹಿಂದಕ್ಕೆ, ಅಕ್ಟೋಬರ್ 4ಕ್ಕೆ ಮುಂದಕ್ಕೆ. ಹೀಗಾಗಿ ಸಂಜೆ 6ರ ಸಭೆ ಮಾರ್ಚ್‌ನಲ್ಲಿ 5ಕ್ಕೂ ಏಪ್ರಿಲ್‌ನಲ್ಲಿ 4ಕ್ಕೂ ಇಳಿದು, ಅದೇ ಮೆಟ್ಟಿಲುಗಳನ್ನು ಹತ್ತಿ ನವೆಂಬರ್ 8ರಂದು ಮತ್ತೆ 6ಕ್ಕೆ ಬಂದು ನಿಲ್ಲುತ್ತದೆ. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ, ಊರಿನ ಹೆಸರಿಗೆ ಕಟ್ಟಿದ ಕ್ಯಾಲೆಂಡರು ತಾನೇ ನೋಡಿಕೊಳ್ಳುತ್ತದೆ. ಆದರೆ ಆಯ್ಕೆ ಪಟ್ಟಿಯಲ್ಲಿ ಊರಿನ ಬದಲು GMT-08:00 ಎಂಬ ಬರಿಯ ಅಂಕಿಯನ್ನು ಆರಿಸಿದರೆ ಅದು ಋತು ನೋಡುವುದಿಲ್ಲ. ಮಾರ್ಚ್ ಬಂದ ಕೂಡಲೇ ಸ್ಯಾನ್ ಹೋಸೆಯ 11 ಗಂಟೆ 12 ಆಗಿದ್ದರೆ ತಪ್ಪು ಇಲ್ಲೇ ಇದೆ ಎಂದು ತಿಳಿಯಬಹುದು.

ಹೊಸಬರು ಸೇರಿದಾಗ ಅವರ ರಾಜ್ಯವನ್ನೂ ಕೇಳಿಕೊಳ್ಳಬೇಕು. ಅಮೆರಿಕದಲ್ಲಿದ್ದರೂ ಫೀನಿಕ್ಸ್ ಮುಳ್ಳು ಮುಟ್ಟುವುದಿಲ್ಲ, ಆಸ್ಟ್ರೇಲಿಯಾದಲ್ಲಿದ್ದರೂ ಬ್ರಿಸ್ಬೇನ್ ಮುಟ್ಟುವುದಿಲ್ಲ. ದುಬೈಯವರ ತಂಟೆಯೇ ಇಲ್ಲ: ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ.

ಇಷ್ಟೆಲ್ಲ ಸಾಹಸ ಮಾಡಿ ಹೊಂದಿಸಿದ ಒಂದು ಗಂಟೆಯನ್ನು ಕೆಲಸ ಹಂಚುವುದರಲ್ಲೇ ಕಳೆದರೆ ವ್ಯರ್ಥ. ಈ ವಿಷಯದಲ್ಲಿ ವಿಕಿಸೋರ್ಸ್‌ನ ವ್ಯವಸ್ಥೆಯಿಂದ ಕಲಿಯುವುದಿದೆ. ಅಲ್ಲಿ ಸ್ಕ್ಯಾನ್ ಮಾಡಿದ ಪ್ರತಿ ಪುಟಕ್ಕೂ ಒಂದು ಬಣ್ಣ. ಕರಡು ನೋಡದ ಪುಟ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಎರಡನೆಯವರು ಮೂಲದೊಂದಿಗೆ ಮತ್ತೆ ಹೋಲಿಸಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ಸ್ಯಾನ್ ಹೋಸೆಯವರು ಮಲಗುವ ಮುನ್ನ ಹತ್ತು ಪುಟ ಹಳದಿ ಮಾಡಿದರೆ ಮೈಸೂರಿನ ಮೇಷ್ಟ್ರಿಗೆ ಯಾರನ್ನೂ ಕೇಳದೆ ಅಂದಿನ ಕೆಲಸ ಕಾಣುತ್ತದೆ. ಮಾತಿಲ್ಲದೆ ಕೆಲಸ ಕೈದಾಟುತ್ತದೆ.

ಮಾತು ಬೇಕಾಗುವುದು ಬಣ್ಣಕ್ಕೆ ಸಿಗದ ಅನುಮಾನಗಳಿಗೆ. ಹಳೆಯ ಅಚ್ಚಿನ ಅರ್ಕಾವೊತ್ತನ್ನು ಅಕ್ಷರ ಗುರುತಿಸುವ ತಂತ್ರಾಂಶ ಒಂಬತ್ತರ ಅಂಕಿ ೯ ಎಂದು ಓದಿಬಿಡಬಹುದು, ಅನುಸ್ವಾರವನ್ನು ಸೊನ್ನೆ ಎಂದು ಓದಬಹುದು. ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ. ಇವನ್ನು ತಿದ್ದಲು ಯಾರನ್ನೂ ಕೇಳಬೇಕಿಲ್ಲ. ಮೂಲದಲ್ಲೇ ಅಕ್ಷರ ಮಸುಕಾಗಿ, ಅದು ‘ಪ’ವೋ ‘ಷ’ವೋ ತಿಳಿಯದಿದ್ದಾಗ ಕೇಳಲೇಬೇಕು. ಕಾಲವಲಯದ ನಿಜವಾದ ಸುಂಕ ಕಟ್ಟಬೇಕಾಗುವುದು ಇಲ್ಲಿ.

ಸ್ಯಾನ್ ಹೋಸೆಯವರು ಮಂಗಳವಾರ ರಾತ್ರಿ 10ಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಪುಟ 43ರಲ್ಲಿ ಒಂದು ಡೌಟು, ಬಿಡುವಾದಾಗ ನೋಡಿ’ ಎಂದು ಹಾಕುತ್ತಾರೆ. ಚಳಿಗಾಲವಾದರೆ ಬೆಂಗಳೂರಿನಲ್ಲಿ ಆಗ ಬುಧವಾರ ಹನ್ನೊಂದೂವರೆ, ಎಲ್ಲರೂ ಆಫೀಸಿನಲ್ಲಿ. ರಾತ್ರಿ 9ಕ್ಕೆ ಒಬ್ಬರು ನೋಡಿ ‘ಯಾವ ಸಾಲು?’ ಎಂದು ಕೇಳುತ್ತಾರೆ. ಸ್ಯಾನ್ ಹೋಸೆಯಲ್ಲಿ ಆಗ ಬುಧವಾರ ಬೆಳಿಗ್ಗೆ ಏಳೂವರೆ, ಮಕ್ಕಳನ್ನು ಶಾಲೆಗೆ ಹೊರಡಿಸುವ ಗಡಿಬಿಡಿ. ಸಾಲಿನ ಸಂಖ್ಯೆ ಹೋಗುವುದು ಬುಧವಾರ ರಾತ್ರಿ. ಅದನ್ನು ಬೆಂಗಳೂರು ನೋಡುವುದು ಗುರುವಾರ ರಾತ್ರಿ. ಉತ್ತರ ಓದಿ ಪುಟ ತಿದ್ದುವ ಹೊತ್ತಿಗೆ ಸ್ಯಾನ್ ಹೋಸೆಯಲ್ಲೂ ಗುರುವಾರ ರಾತ್ರಿಯಾಗಿರುತ್ತದೆ. ಒಂದು ಅಕ್ಷರಕ್ಕೆ ಎರಡು ದಿನ.

ಅದೇ ಅನುಮಾನವನ್ನು ಹೀಗೆ ಬರೆಯಬಹುದಿತ್ತು: ‘ಪುಟ 43, ಮೇಲಿನಿಂದ 7ನೇ ಸಾಲು, ಚಿತ್ರ ಜೊತೆಗಿದೆ. ಪ ಅಥವಾ ಷ. ಅರ್ಥ ನೋಡಿದರೆ ಷ ಇರಬೇಕು ಅನ್ನಿಸುತ್ತದೆ. ಮೇಷ್ಟ್ರು ನೋಡಿ ಹೇಳಬೇಕು. ಬೆಂಗಳೂರಿನ ಗುರುವಾರ ರಾತ್ರಿ 9ರೊಳಗೆ ಬೇರೆ ಮಾತು ಬಾರದಿದ್ದರೆ ಷ ಎಂದು ಹಾಕಿ ಮುಂದೆ ಹೋಗುತ್ತೇನೆ.’ ಬೆಂಗಳೂರಿನ ಬುಧವಾರ ರಾತ್ರಿ ಉತ್ತರ ಬಂದರೆ ಒಂದು ದಿನ ಉಳಿಯಿತು. ಬಾರದಿದ್ದರೂ ಕೆಲಸ ನಿಲ್ಲಲಿಲ್ಲ. ಹೇಗೂ ಆ ಪುಟವನ್ನು ಹಸಿರು ಮಾಡುವವರು ಇನ್ನೊಮ್ಮೆ ನೋಡುತ್ತಾರೆ. ಹಿಂದೆಗೆಯಬಹುದಾದ ತೀರ್ಮಾನಗಳಿಗೆ ಈ ಗಡುವಿನ ಉಪಾಯ ಚೆನ್ನಾಗಿ ಒಗ್ಗುತ್ತದೆ. ಹಕ್ಕುಸ್ವಾಮ್ಯದಂಥ ವಿಷಯಕ್ಕೆ ಒಗ್ಗುವುದಿಲ್ಲ, ಅಲ್ಲಿ ಮೌನವನ್ನು ಸಮ್ಮತಿ ಎಂದು ಓದುವುದು ಅಪಾಯ.

ಮೇಷ್ಟ್ರಂಥವರು ಟೈಪ್ ಮಾಡುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಮೂರು ನಿಮಿಷದ ಆ ಮಾತಿನಲ್ಲಿ ಅಕ್ಷರದ ಇತಿಹಾಸವೇ ಇರುತ್ತದೆ, ಕೇಳಲು ಸೊಗಸು. ಆದರೆ ಮುಂದಿನ ತಿಂಗಳು ಅದೇ ಅನುಮಾನ ಬಂದಾಗ ಅದನ್ನು ಹುಡುಕಿ ತೆಗೆಯುವುದು ಅಸಾಧ್ಯ. ಹಿರಿಯರಿಗೆ ‘ಸರ್, ಟೈಪ್ ಮಾಡಿ’ ಎನ್ನುವುದು ಸರಿಯೂ ಅಲ್ಲ, ಫಲವೂ ಇಲ್ಲ. ಬೆಂಗಳೂರಿನ ಇಬ್ಬರಲ್ಲಿ ಒಬ್ಬರು ಆ ಮಾತಿನ ತಿರುಳನ್ನು ಎಲ್ಲರಿಗೂ ಕಾಣುವ ಒಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆದಿಡುವುದೇ ದಾರಿ. ಭಾನುವಾರದ ಸಭೆಗೆ ಉಳಿಯಬೇಕಾದದ್ದು ಆ ಹಾಳೆಯಲ್ಲಿ ಇತ್ಯರ್ಥವಾಗದೆ ಉಳಿದ ಸಾಲುಗಳು ಮಾತ್ರ.

ಇಂಥ ತಂಡಗಳು ಪುಸ್ತಕ ಮುಗಿಸಲು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ರಾಜ್ಯೋತ್ಸವ. 2026ರಲ್ಲಿ ನವೆಂಬರ್ 1 ಭಾನುವಾರವೇ ಬಂದಿದೆ, ಜೊತೆಗೆ ಅಮೆರಿಕ ಮುಳ್ಳು ಹಿಂದಕ್ಕೆ ತಿರುಗಿಸುವ ದಿನವೂ ಅದೇ. ಬೆಂಗಳೂರಿನಲ್ಲಿ ರಾತ್ರಿ 8ಕ್ಕೆ ಆನ್‌ಲೈನ್ ಬಿಡುಗಡೆ ಎಂದು ಅಕ್ಟೋಬರ್‌ನಲ್ಲೇ ಆಮಂತ್ರಣ ಅಚ್ಚಾದರೆ, ಆಗಿನ ಹನ್ನೆರಡೂವರೆ ಗಂಟೆಯ ಅಂತರ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಬೆಳಿಗ್ಗೆ ಏಳೂವರೆ ಎಂದು ಬರೆಯುತ್ತಾರೆ. ಅಂದು ಬೆಳಗಿನ ಜಾವವೇ ಅಲ್ಲಿನ ಗಡಿಯಾರ ಹಿಂದೆ ಸರಿದಿರುವುದರಿಂದ ಬಿಡುಗಡೆ ನಿಜಕ್ಕೂ ಶುರುವಾಗುವುದು ಆರೂವರೆಗೆ. ಏಳೂವರೆಗೆ ಸೇರಿಕೊಂಡವರಿಗೆ ಸಿಗುವುದು ವಂದನಾರ್ಪಣೆ. ಸಿಡ್ನಿಯವರಿಗಂತೂ ಸೋಮವಾರ ನಡುರಾತ್ರಿ ಒಂದೂವರೆ.

ಬಿಡುಗಡೆಯನ್ನು ಅದೇ ದಿನ ಬೆಂಗಳೂರಿನ ಬೆಳಿಗ್ಗೆ ಹನ್ನೊಂದೂವರೆಗೆ, ಅಂದರೆ ಮಾಮೂಲಿ ಸಭೆಯ ಹೊತ್ತಿಗೇ ಇಟ್ಟರೆ ಅಮೆರಿಕದ ಮುಳ್ಳು ಇನ್ನೂ ತಿರುಗಿರುವುದಿಲ್ಲ. ಆಗ ಆಮಂತ್ರಣದಲ್ಲಿ ಬರೆಯಬೇಕಾದದ್ದು: ಬೆಂಗಳೂರು ಭಾನುವಾರ ನವೆಂಬರ್ 1, ಬೆಳಿಗ್ಗೆ 11.30, ಸಿಡ್ನಿ ಭಾನುವಾರ ಸಂಜೆ 5, ಲಂಡನ್ ಭಾನುವಾರ ಬೆಳಿಗ್ಗೆ 6, ಸ್ಯಾನ್ ಹೋಸೆ ಶನಿವಾರ ಅಕ್ಟೋಬರ್ 31, ರಾತ್ರಿ 11. ಊರು, ವಾರ, ತಾರೀಕು, ಗಂಟೆ ನಾಲ್ಕೂ ಇರಲಿ. ಬರೀ ‘11.30 ಐಎಸ್‌ಟಿ’ ಎಂದು ಬರೆದರೆ ಡಬ್ಲಿನ್ನಿನಲ್ಲಿರುವ ಕನ್ನಡಿಗರೊಬ್ಬರು ಅದನ್ನು ಐರಿಷ್ ಸಮಯವೆಂದು ಓದಿಕೊಳ್ಳಬಹುದು, ಅಲ್ಲಿಯ ಬೇಸಿಗೆ ಸಮಯಕ್ಕೂ ಅವೇ ಮೂರು ಅಕ್ಷರ.