‘ಕಾರಣಾಂತರಗಳಿಂದ’ ನಿಲ್ಲದ ಚೆಕ್

ಶಂಕರಪ್ಪ ಎಂಬುವರು ಮನೆ ಕಟ್ಟಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬಾಗಿಲು, ಕಿಟಕಿ ಕೆಲಸ ಹಿಡಿದಿರುವ ಕುಮಾರಾಚಾರರಿಗೆ ಮುಂಗಡವಾಗಿ ಒಂದು ಚೆಕ್ ಬರೆದುಕೊಟ್ಟಿದ್ದಾರೆ. ಸೋಮವಾರ ಸಂಜೆ ಕುಮಾರಾಚಾರರ ಫೋನು ಬಂತು: ಬಸ್ಸಿನಲ್ಲಿ ಕೈಚೀಲ ಹೋಯಿತು, ಚೆಕ್ ಅದರಲ್ಲೇ ಇತ್ತು. ಮರುದಿನ ಬೆಳಗ್ಗೆ ಶಂಕರಪ್ಪ ಬ್ಯಾಂಕಿಗೆ ಹೋಗಿ ಈ ಕಾಗದ ಕೊಟ್ಟರು.

“ಮಾನ್ಯರೇ, ನಾನು ತಮ್ಮ ಶಾಖೆಯಲ್ಲಿ ಬಹಳ ವರ್ಷಗಳಿಂದ ಖಾತೆ ಹೊಂದಿರುತ್ತೇನೆ. ಕಳೆದ ವಾರ ನಮ್ಮ ಮನೆಯ ಮರಗೆಲಸದ ಬಾಬ್ತು ಕುಮಾರಾಚಾರ್ ಅವರಿಗೆ ಸುಮಾರು ಐವತ್ತು ಸಾವಿರ ರೂಪಾಯಿಗಳ ಚೆಕ್ ನೀಡಿರುತ್ತೇನೆ. ಕಾರಣಾಂತರಗಳಿಂದ ಸದರಿ ಚೆಕ್ಕಿಗೆ ಹಣ ಪಾವತಿ ಮಾಡಬಾರದೆಂದು ತಮ್ಮಲ್ಲಿ ಕಳಕಳಿಯಿಂದ ವಿನಂತಿಸಿಕೊಳ್ಳುತ್ತೇನೆ.”

ವಿನಯಕ್ಕೆ ಕೊರತೆಯಿಲ್ಲ. ಆದರೆ ಕೌಂಟರಿನ ಆಚೆ ಕುಳಿತವರು ಇದನ್ನು ಹಿಡಿದು ಏನೂ ಮಾಡಲಾರರು. ಯಾವ ಚೆಕ್? ಕಾಗದದಲ್ಲಿ ಉತ್ತರವಿಲ್ಲ.

ಸ್ಟಾಪ್ ಪೇಮೆಂಟ್ ಎಂದರೆ ಬ್ಯಾಂಕಿನೊಳಗೆ ನಡೆಯುವುದು ಇಷ್ಟೇ. ಸಿಬ್ಬಂದಿ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದು, ಚೆಕ್ಕಿನ ನಂಬರ್ ಹಾಕಿ, ಅದನ್ನು ತಡೆಹಿಡಿಯುತ್ತಾರೆ. ಮುಂದೆ ಆ ನಂಬರಿನ ಚೆಕ್ ಬಂದಾಗ ಯಂತ್ರವೇ ಅದನ್ನು ಹಿಡಿಯುತ್ತದೆ. ಯಂತ್ರಕ್ಕೆ ಗೊತ್ತಿರುವುದು ಖಾತೆ ಸಂಖ್ಯೆ ಮತ್ತು ಚೆಕ್ ನಂಬರ್. ಕುಮಾರಾಚಾರರಾಗಲಿ ಮರಗೆಲಸವಾಗಲಿ ಅದಕ್ಕೆ ಬೇಕಿಲ್ಲ. ಹಾಗಾದರೆ ತಾರೀಕು, ಮೊತ್ತ, ಹೆಸರನ್ನೆಲ್ಲ ಏಕೆ ಬರೆಯಬೇಕು? ನಂಬರಿನಲ್ಲಿ ತಪ್ಪಿದ್ದರೆ ಕಾಗದ ಓದುವ ಮನುಷ್ಯನಿಗೆ ಅನುಮಾನ ಬರಲಿ ಎಂದು.

ಅನುಮಾನ ಬಂದೂ ಕೈಕೊಟ್ಟ ಪ್ರಕರಣವೊಂದು ಇಂಗ್ಲೆಂಡಿನಲ್ಲಿ ನಡೆದಿತ್ತು. ಬ್ಯಾಂಕಿಂಗ್ ಕಾನೂನು ಓದಿದವರಿಗೆಲ್ಲ ಪರಿಚಿತವಾದ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕ್ ಮತ್ತು ಹಿಲ್ಟನ್ ನಡುವಿನ ಮೊಕದ್ದಮೆ ಅದು. 1924ರಲ್ಲಿ ಹಿಲ್ಟನ್ ಮುಂದಿನ ತಾರೀಕು ಹಾಕಿ ಒಬ್ಬರಿಗೆ ಚೆಕ್ ಕೊಟ್ಟ. ಆಮೇಲೆ ಮನಸ್ಸು ಬದಲಾಗಿ, ಅದನ್ನು ನಿಲ್ಲಿಸಿ ಎಂದು ಬ್ಯಾಂಕಿಗೆ ತಂತಿ ಕಳಿಸಿದ. ಹೆಸರು ಸರಿಯಿತ್ತು, ಮೊತ್ತವೂ ಸರಿಯಿತ್ತು, ಚೆಕ್ಕಿನ ನಂಬರ್ ಮಾತ್ರ ತಪ್ಪಿತ್ತು. ಅದೇ ಹೆಸರಿನ, ಅಷ್ಟೇ ಮೊತ್ತದ, ಬೇರೆ ನಂಬರಿನ ಚೆಕ್ ಬಂದಾಗ ಬ್ಯಾಂಕಿನವರು ತಾರೀಕು ನೋಡಿದರು. ನಿಲ್ಲಿಸಿದ ಚೆಕ್ಕಿನ ಬದಲಿಗೆ ಹೊಸದಾಗಿ ಬರೆದುಕೊಟ್ಟದ್ದಿರಬೇಕು ಎಂದುಕೊಂಡು ಹಣ ಕೊಟ್ಟುಬಿಟ್ಟರು. 1926ರಲ್ಲಿ ಹೌಸ್ ಆಫ್ ಲಾರ್ಡ್ಸ್ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು: ತಡೆಯುವ ಆದೇಶ ಸಮಯಕ್ಕೆ ತಲುಪಿತ್ತು, ಅದರಲ್ಲಿ ಎರಡರ್ಥಕ್ಕೆ ಎಡೆಯಿರಲಿಲ್ಲ ಎಂದು ತೋರಿಸಬೇಕಾದವನು ಗ್ರಾಹಕ. ಭಾರತದ ಬ್ಯಾಂಕಿಂಗ್ ಪಠ್ಯಗಳಲ್ಲೂ ಈ ಪಾಠ ಇವತ್ತಿಗೂ ಇದೆ.

ಹಾಗಾಗಿ ಮೊದಲು ನಂಬರ್. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿ ಸಾಲಾಗಿ ಅಂಕಿಗಳಿರುತ್ತವೆ. ಎಡತುದಿಯ ಮೊದಲ ಆರು ಅಂಕಿಯೇ ಚೆಕ್ ನಂಬರ್. ಅದರ ಪಕ್ಕದ ಒಂಬತ್ತು ಅಂಕಿ ಊರು, ಬ್ಯಾಂಕು, ಶಾಖೆಯನ್ನು ಸೂಚಿಸುತ್ತದೆ. ಆ ಪುಸ್ತಕದ ಎಲ್ಲ ಎಲೆಗಳಲ್ಲೂ ಅದು ಒಂದೇ ಆಗಿರುವುದರಿಂದ ಗಾಬರಿಯಲ್ಲಿ ಅದನ್ನು ಬರೆದುಕೊಟ್ಟರೆ ಉಪಯೋಗವಿಲ್ಲ. ಎಲೆಯೇ ಕಳೆದುಹೋದ ಮೇಲೆ ನಂಬರ್ ಎಲ್ಲಿಂದ ತರುವುದು? ಚೆಕ್ ಪುಸ್ತಕದಲ್ಲಿ ಕೊಟ್ಟವರ ಹೆಸರು ಬರೆದಿಡಲು ಪುಟ ಇರುತ್ತದೆ, ನಮ್ಮಲ್ಲಿ ಹೆಚ್ಚಿನವರು ಅದನ್ನು ಖಾಲಿ ಬಿಡುತ್ತೇವೆ. ಖಾಲಿ ಇದ್ದರೂ ಪುಸ್ತಕದಲ್ಲಿ ಉಳಿದಿರುವ ಮೊದಲ ಎಲೆಯ ನಂಬರ್ ನೋಡಿ. ಅದಕ್ಕಿಂತ ಹಿಂದಿನವುಗಳಲ್ಲಿ ಯಾವುದಕ್ಕೆ ಹಣ ಹೋಗಿದೆ ಎಂದು ಪಾಸ್‌ಬುಕ್ ಹೇಳುತ್ತದೆ. ಹಣ ಹೋಗದೆ ಉಳಿದದ್ದು ಒಂದೇ ಆದರೆ ಅದೇ ನಿಮ್ಮದು. ಎರಡು ಮೂರು ಉಳಿದಿದ್ದರೆ ಊಹೆ ಮಾಡಬೇಡಿ, ಶಾಖೆಯವರ ಜೊತೆ ಕುಳಿತು ನೋಡಿ. ‘ಇಂಥ ನಂಬರಿನಿಂದ ಇಂಥ ನಂಬರಿನವರೆಗೆ’ ಎಂದು ಸಾಲಾಗಿಯೂ ನಿಲ್ಲಿಸಬಹುದು. ಆದರೆ ನಡುವೆ ಯಾರಿಗೋ ನ್ಯಾಯವಾಗಿ ಕೊಟ್ಟ ಚೆಕ್ ಇದ್ದರೆ ಅದೂ ವಾಪಸ್ ಹೋಗುತ್ತದೆ.

ಕನ್ನಡದಲ್ಲಿ ಕಾಗದ ಬರೆಯುವವರಿಗೆ ಒಂದು ಮಾತು. ಚೆಕ್ಕನ್ನು ಕನ್ನಡದಲ್ಲಿ ಬರೆಯಲು ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇದೆ, ಕಾಗದವನ್ನೂ ಸಂಕೋಚವಿಲ್ಲದೆ ಕನ್ನಡದಲ್ಲೇ ಬರೆಯಿರಿ. ಚೆಕ್ ನಂಬರನ್ನು ಮಾತ್ರ ಚೆಕ್ಕಿನಲ್ಲಿ ಅಚ್ಚಾಗಿರುವ ಅಂಕಿಗಳಲ್ಲೇ ಇಳಿಸಿ. ಅವಸರದ ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಅದಲುಬದಲಾಗುವುದು ಕಷ್ಟವಲ್ಲ.

ಇನ್ನು ತಾರೀಕು. ಶಂಕರಪ್ಪನವರ ‘ಕಳೆದ ವಾರ’ದೊಳಗೆ ಎರಡು ತಾರೀಕುಗಳು ಅಡಗಿವೆ. ಚೆಕ್ ಕೈಗಿತ್ತದ್ದು ನವೆಂಬರ್ 14ಕ್ಕೆ, ಚೆಕ್ಕಿನ ಮೇಲೆ ಬರೆದದ್ದು ನವೆಂಬರ್ 20. ಕಾಗದ ಬರೆದ 18 ಸೇರಿದರೆ ಮೂರಾಯಿತು. ಬ್ಯಾಂಕಿಗೆ ಮುಖ್ಯವಾದದ್ದು ಚೆಕ್ಕಿನ ಮೇಲಿನ ತಾರೀಕು, ಅದನ್ನೇ ‘ಚೆಕ್ಕಿನ ದಿನಾಂಕ’ ಎಂದು ಬಿಡಿಸಿ ಬರೆಯಬೇಕು. ಚೆಕ್ಕಿಗೆ ಮೂರು ತಿಂಗಳ ಆಯಸ್ಸು ಎಣಿಸುವುದೂ ಅಲ್ಲಿಂದಲೇ. ತಾರೀಕು ಹಾಕದೆ ಸಹಿ ಮಾಡಿದ ಚೆಕ್ ಕಳೆದಿದ್ದರೆ ‘ದಿನಾಂಕ ಬರೆದಿಲ್ಲ’ ಎಂದೇ ತಿಳಿಸಬೇಕು, ಏಕೆಂದರೆ ಸಿಕ್ಕವರು ಯಾವ ದಿನ ಬೇಕಾದರೂ ಹಾಕಿಕೊಳ್ಳಬಹುದು. ಮೊತ್ತದ ವಿಷಯವೂ ಹಾಗೆಯೇ. ‘ಸುಮಾರು ಐವತ್ತು ಸಾವಿರ’ ಎಂಬ ಮೊತ್ತಕ್ಕೆ ಯಾರೂ ಚೆಕ್ ಬರೆಯುವುದಿಲ್ಲ. ಶಂಕರಪ್ಪ ಬರೆದದ್ದು 48,500. ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರೆ ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ಸಿಕ್ಕಿಬೀಳುತ್ತದೆ.

ನನ್ನ ಪ್ರಕಾರ ಜನ ಅತ್ಯಂತ ಹಗುರವಾಗಿ ತೆಗೆದುಕೊಳ್ಳುವುದು ಕಾರಣವನ್ನು. ಚೆಕ್ ನಿಲ್ಲಿಸುವುದು ಖಾತೆದಾರನ ಹಕ್ಕು, ಕಾರಣ ಒಪ್ಪಿಗೆಯಾಯಿತೇ ಇಲ್ಲವೇ ಎಂದು ಬ್ಯಾಂಕು ವಿಚಾರಣೆ ಮಾಡುವುದಿಲ್ಲ. ಆ ಸಾಲಿಗೆ ಬೆಲೆ ಬರುವುದು ಬ್ಯಾಂಕಿನ ಹೊರಗೆ. ಸಾಲವೋ ಬಾಕಿಯೋ ತೀರಿಸಲು ಕೊಟ್ಟ ಚೆಕ್ಕನ್ನು ನಿಲ್ಲಿಸಿದರೆ ಅದೂ ಚೆಕ್ ಬೌನ್ಸ್ ಪ್ರಕರಣವಾಗಬಹುದು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಿಂದ ‘ಸ್ಟಾಪ್ ಪೇಮೆಂಟ್’ ಎಂಬ ಎರಡು ಪದ ಯಾರನ್ನೂ ತಾನಾಗಿ ಪಾರು ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿ ಹೇಳಿತು. ಖಾತೆಯಲ್ಲಿ ಸಾಕಷ್ಟು ಹಣವಿತ್ತು, ನಿಲ್ಲಿಸಲು ನ್ಯಾಯವಾದ ಕಾರಣವೂ ಇತ್ತು ಎಂದು ಚೆಕ್ ಕೊಟ್ಟವನು ತೋರಿಸಿದರೆ ಅಪರಾಧವಾಗದು ಎಂಬುದನ್ನು 2001ರ ಎಂಎಂಟಿಸಿ ತೀರ್ಪು ಸ್ಪಷ್ಟಪಡಿಸಿತು. ಈ ಕಲಮಿನಡಿ ಎರಡು ವರ್ಷದವರೆಗೆ ಸೆರೆ, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಕಾರಣಾಂತರಗಳಿಂದ’ ಎಂದು ಬರೆದುಕೊಟ್ಟ ಕಾಗದ ಅಂಥ ದಿನ ಯಾವ ಆಸರೆಯೂ ಆಗದು.

ಅದಕ್ಕಿಂತ ಕೆಟ್ಟದ್ದು ಸುಳ್ಳು ಕಾರಣ. ಕೆಲಸ ಸರಿಬರಲಿಲ್ಲ ಎಂಬ ಜಗಳಕ್ಕೆ ಚೆಕ್ ನಿಲ್ಲಿಸಿ, ಮುಜುಗರ ಬೇಡವೆಂದು ‘ಕಳೆದುಹೋಗಿದೆ’ ಎಂದು ಬರೆಯುವವರಿದ್ದಾರೆ. ಎದುರಿನವನು ಅದೇ ಚೆಕ್ಕನ್ನು ನ್ಯಾಯಾಲಯದ ಮೇಜಿನ ಮೇಲೆ ಇಟ್ಟ ಕ್ಷಣ ಆ ಕಾಗದ ಬರೆದವರಿಗೇ ತಿರುಗುಬಾಣ. ತಕರಾರು ಇದ್ದರೆ ತಕರಾರು ಎಂದೇ ಬರೆಯಬೇಕು: ಒಪ್ಪಿದ ದಿನಕ್ಕೆ ಸಾಮಾನು ಬಂದಿಲ್ಲ, ಇಂಥ ತಾರೀಕಿಗೆ ಆರ್ಡರ್ ರದ್ದು ಮಾಡಿದ್ದೇನೆ, ಇಷ್ಟು ಸಾಕು. ಶಂಕರಪ್ಪನವರದು ನಿಜವಾಗಿಯೂ ಕಳೆದ ಚೆಕ್, ಹಾಗಾಗಿ ಅವರ ಕೆಲಸ ಸುಲಭ. ತಿದ್ದಿ ಬರೆದ ಕಾಗದ ಇಲ್ಲಿದೆ.

ದಿನಾಂಕ: 18 ನವೆಂಬರ್ 2025, ಬೆಳಗ್ಗೆ 10.15
ಗೆ: ಶಾಖಾ ವ್ಯವಸ್ಥಾಪಕರು
ವಿಷಯ: ಚೆಕ್ ನಂಬರ್ 417286ಕ್ಕೆ ಹಣ ಪಾವತಿ ತಡೆಯುವ ಬಗ್ಗೆ

ಮಾನ್ಯರೇ,
ಕೆಳಗಿನ ಚೆಕ್ಕಿಗೆ ದಯವಿಟ್ಟು ಹಣ ಕೊಡಬೇಡಿ.
ಖಾತೆ ಸಂಖ್ಯೆ: (ಪೂರ್ತಿ ಸಂಖ್ಯೆ)
ಚೆಕ್ ನಂಬರ್: 417286 (ಒಂದೇ ಚೆಕ್)
ಚೆಕ್ಕಿನ ದಿನಾಂಕ: 20 ನವೆಂಬರ್ 2025
ಮೊತ್ತ: ರೂ. 48,500 (ನಲವತ್ತೆಂಟು ಸಾವಿರದ ಐನೂರು ರೂಪಾಯಿ ಮಾತ್ರ)
ಯಾರ ಹೆಸರಿಗೆ: ಕುಮಾರಾಚಾರ್
ಕಾರಣ: ಚೆಕ್ ಕಳೆದುಹೋಗಿದೆ. 17 ನವೆಂಬರ್ 2025ರಂದು ಬಸ್ ಪ್ರಯಾಣದಲ್ಲಿ ಕಳೆದುಹೋಯಿತೆಂದು ಪಡೆದವರು ಅಂದೇ ಸಂಜೆ ಫೋನಿನಲ್ಲಿ ತಿಳಿಸಿದ್ದಾರೆ.
ಇದರ ಬದಲಿಗೆ ಈವರೆಗೆ ಬೇರೆ ಚೆಕ್ ಕೊಟ್ಟಿಲ್ಲ. ತಡೆ ದಾಖಲಾದ ಮೇಲೆ ಈ ಕಾಗದದ ಪ್ರತಿಯ ಮೇಲೆ ಸೀಲು, ಸಹಿ, ಸಮಯ ಹಾಕಿಕೊಡಿ.
(ಖಾತೆಯಲ್ಲಿರುವಂತೆ ಸಹಿ, ಫೋನ್ ನಂಬರ್)

ವರ್ಷಗಳ ಒಡನಾಟದ ಮಾತು, ಕಳಕಳಿಯ ವಿನಂತಿ ಎರಡೂ ಹೋದವು. ‘ಒಂದೇ ಚೆಕ್’ ಎಂದಿರುವುದು ಸಾಲುಸಾಲಾಗಿ ನಿಲ್ಲಿಸಿಬಿಡದಿರಲಿ ಎಂದು. ‘ಬೇರೆ ಚೆಕ್ ಕೊಟ್ಟಿಲ್ಲ’ ಎಂಬ ಸಾಲು ಹಿಲ್ಟನ್‌ಗೆ ಆದದ್ದು ನಮಗಾಗದಿರಲಿ ಎಂದು.

ಗಂಟೆಯನ್ನೂ ಬರೆದದ್ದು ಅತಿಯಾಯಿತು ಎನಿಸಬಹುದು. ಮೊದಲಾದರೆ ಕ್ಲಿಯರಿಂಗಿಗೆ ಹಾಕಿದ ಚೆಕ್ಕಿಗೆ ಒಂದೆರಡು ದಿನ ಹಿಡಿಯುತ್ತಿತ್ತು. 2025ರ ಅಕ್ಟೋಬರ್ 4ರಿಂದ ಚೆಕ್ಕಿನ ಚಿತ್ರ ಬೆಳಗಿನಿಂದಲೇ ಒಂದೊಂದಾಗಿ ನಮ್ಮ ಬ್ಯಾಂಕಿಗೆ ಬಂದು ಬೀಳುತ್ತದೆ, ಹೌದೋ ಅಲ್ಲವೋ ಎಂದು ಬ್ಯಾಂಕು ಅಂದೇ ಹೇಳಬೇಕು. ಗಡುವಿನೊಳಗೆ ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ. ಹಣ ಹೋದ ಮೇಲೆ ಬಂದ ತಡೆ ಕಾಗದಕ್ಕೆ ಅರ್ಥವಿಲ್ಲ. ಆದ್ದರಿಂದ ನೆಟ್ ಬ್ಯಾಂಕಿಂಗ್ ಅಥವಾ ಮೊಬೈಲ್ ಆ್ಯಪ್ ಇರುವವರು ಮೊದಲು ಅಲ್ಲೇ ನಿಲ್ಲಿಸಿ, ಕಾರಣ ದಾಖಲಾಗಲು ಕಾಗದವನ್ನು ಆಮೇಲೆ ಕೊಡುವುದು ಜಾಣತನ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ.

ಇದಕ್ಕೆ ಬ್ಯಾಂಕು ಶುಲ್ಕ ಹಿಡಿಯುತ್ತದೆ, ಅದರ ಮೇಲೆ ಜಿಎಸ್‌ಟಿಯೂ ಇರುತ್ತದೆ. ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ತಡೆ ಎಷ್ಟು ಕಾಲ ಉಳಿಯುತ್ತದೆ ಎಂದೂ ಕೇಳಿಕೊಳ್ಳಿ, ತಾರೀಕಿಲ್ಲದ ಚೆಕ್ ಕಳೆದವರಂತೂ ಕೇಳಲೇಬೇಕು. ತಡೆ ದಾಖಲಾದದ್ದು ಖಚಿತವಾಗುವವರೆಗೆ ಕುಮಾರಾಚಾರರಿಗೆ ಹೊಸ ಚೆಕ್ ಬರೆಯಬೇಡಿ. ಚೆಕ್ ನಿಲ್ಲಿಸಿದ ದಿನ ಖಾತೆಯಲ್ಲಿ ಹಣವಿತ್ತು ಎಂದು ತೋರಿಸುವ ಸ್ಟೇಟ್‌ಮೆಂಟನ್ನು ಸೀಲು ಬಿದ್ದ ಪ್ರತಿಯ ಜೊತೆಗೇ ಇಟ್ಟುಕೊಳ್ಳಿ.