ಹಂಚಿಕೆ ಖರ್ಚಿನ ಲೆಕ್ಕದ ಶೂನ್ಯ ತಾಳೆ

ಶೂನ್ಯ ತಾಳೆ ಎಂದರೆ ಪ್ರವಾಸ, ಬಾಡಿಗೆ ಮನೆ ಮುಂತಾದ ಸಂದರ್ಭಗಳಲ್ಲಿ ಹಲವರು ಸೇರಿ ಮಾಡಿದ ಖರ್ಚಿನ ಪಟ್ಟಿಯನ್ನು ಪರಿಶೀಲಿಸುವ ಒಂದು ವಿಧಾನ. ಪ್ರತಿಯೊಬ್ಬ ಸದಸ್ಯನೂ ಕೈಯಿಂದ ಕೊಟ್ಟ ಹಣದಲ್ಲಿ ಅವನ ಪಾಲಿಗೆ ಬಂದ ಖರ್ಚನ್ನು ಕಳೆದರೆ ಅವನ ನಿವ್ವಳ ಬಾಕಿ ದೊರೆಯುತ್ತದೆ. ಎಲ್ಲರ ನಿವ್ವಳ ಬಾಕಿಗಳನ್ನು ಕೂಡಿದಾಗ ಮೊತ್ತವು ಸೊನ್ನೆಯಾಗಬೇಕು. ಸೊನ್ನೆಯಾಗದಿದ್ದರೆ ಪಟ್ಟಿಯಲ್ಲಿ ತಪ್ಪಿರುವುದು ನಿಶ್ಚಿತ. ಆದರೆ ಸೊನ್ನೆಯಾದ ಮಾತ್ರಕ್ಕೆ ಪಟ್ಟಿ ಸರಿಯಾಗಿದೆ ಎಂದು ಹೇಳಲಾಗದು. ಕೆಲವು ತಪ್ಪುಗಳು ಈ ತಾಳೆಗೆ ಸಿಕ್ಕುವುದೇ ಇಲ್ಲ.

## ಮೂಲ ತತ್ತ್ವ

ಒಂದು ಗುಂಪಿನೊಳಗೆ ಒಬ್ಬನಿಗೆ ಬರಬೇಕಾದ ಹಣವು ಮತ್ತೊಬ್ಬನು ಕೊಡಬೇಕಾದ ಹಣವೇ ಆಗಿರುತ್ತದೆ. ಹೋಟೆಲಿಗೂ ಪೆಟ್ರೋಲ್ ಬಂಕಿಗೂ ಹಣ ಆಗಲೇ ಸಂದಾಯವಾಗಿದೆ. ಉಳಿದಿರುವುದು ಸದಸ್ಯರ ನಡುವಿನ ಕೊಡುಕೊಳ್ಳುವಿಕೆ ಮಾತ್ರ. ಆದುದರಿಂದ ಬರಬೇಕಾದುದನ್ನು ಧನವೆಂದೂ ಕೊಡಬೇಕಾದುದನ್ನು ಋಣವೆಂದೂ ಬರೆದರೆ ಅವು ಪರಸ್ಪರ ಕಳೆದುಹೋಗುತ್ತವೆ.

ಲೆಕ್ಕಶಾಸ್ತ್ರದ ಜೋಡಿ ನಮೂದು ಪದ್ಧತಿಯಲ್ಲಿ ತಾಳೆಪಟ್ಟಿಯ ಎರಡು ಬದಿಗಳು ಸಮವಾಗಬೇಕೆಂಬ ನಿಯಮದ ಹಿಂದೆಯೂ ಇದೇ ತತ್ತ್ವವಿದೆ. ಆ ಪದ್ಧತಿಯನ್ನು ವಿವರಿಸುವ ಲೂಕಾ ಪಾಚೋಲಿಯ ಗ್ರಂಥವು 1494ರಲ್ಲಿ ವೆನಿಸ್ಸಿನಲ್ಲಿ ಮುದ್ರಣಗೊಂಡಿತು. ತಾಳೆಪಟ್ಟಿಗಿರುವ ಮಿತಿಗಳೇ ಶೂನ್ಯ ತಾಳೆಗೂ ಇವೆ.

## ಒಂದು ಉದಾಹರಣೆ

ಹೊನ್ನಾವರ ತಾಲ್ಲೂಕಿನ ಕರ್ಕಿಯಿಂದ ನಾಲ್ವರು ಗೆಳೆಯರು ಗೇರುಸೊಪ್ಪೆಯ ಮಾರ್ಗವಾಗಿ ಜೋಗ ಜಲಪಾತಕ್ಕೆ ಹೋಗಿ, ಸಾಗರದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಇಕ್ಕೇರಿಯನ್ನು ನೋಡಿಕೊಂಡು ಹಿಂತಿರುಗಿದರೆಂದು ಭಾವಿಸೋಣ. ಅವರನ್ನು ಅ, ಬ, ಕ, ಡ ಎಂದು ಕರೆಯೋಣ. ಹೊನ್ನಾವರಕ್ಕೆ ಮರಳಿದ ಮೇಲೆ ಮೂವರು ಮೀನೂಟ ಮಾಡಿದರು. ಸಸ್ಯಾಹಾರಿಯಾದ ಡ ಅದರಲ್ಲಿ ಪಾಲುಗೊಳ್ಳಲಿಲ್ಲ. ಇಲ್ಲಿನ ಮೊತ್ತಗಳು ಲೆಕ್ಕವನ್ನು ತೋರಿಸುವುದಕ್ಕಾಗಿ ಆರಿಸಿಕೊಂಡವು.

| ಖರ್ಚು | ಮೊತ್ತ (ರೂ.) | ಕೊಟ್ಟವರು | ಪಾಲುದಾರರು |
|---|---|---|---|
| ವಾಹನದ ಬಾಡಿಗೆ | 6000 | ಅ | ನಾಲ್ವರೂ |
| ವಸತಿ | 3200 | ಬ | ನಾಲ್ವರೂ |
| ಊಟ, ತಿಂಡಿ | 1840 | ಕ | ನಾಲ್ವರೂ |
| ಡೀಸೆಲ್ | 1600 | ಡ | ನಾಲ್ವರೂ |
| ಮೀನೂಟ | 700 | ಕ | ಅ, ಬ, ಕ |
| ಒಟ್ಟು | 13340 | | |

ಮೊದಲ ನಾಲ್ಕು ಖರ್ಚುಗಳಲ್ಲಿ ಪ್ರತಿಯೊಬ್ಬರ ಪಾಲು 3160 ರೂಪಾಯಿ. ಮೀನೂಟದ 700 ರೂಪಾಯಿಯನ್ನು ಮೂವರಿಗೆ ಸರಿಯಾಗಿ ಭಾಗಿಸಲು ಬಾರದು. ಮೂವರಿಗೂ 233 ಎಂದು ಬರೆದರೆ 699 ಮಾತ್ರ ಆಗಿ, ಒಂದು ರೂಪಾಯಿ ಯಾರ ಪಾಲಿಗೂ ಸೇರದೆ ಉಳಿಯುತ್ತದೆ. ಅದನ್ನು ಹಣ ಕೊಟ್ಟವನೇ ಹೊರುವುದೆಂದು ನಿಯಮ ಮಾಡಿಕೊಂಡರೆ ಅ ಮತ್ತು ಬ ಇವರಿಗೆ ತಲಾ 233, ಕನಿಗೆ 234 ಆಗುತ್ತದೆ.

| ಸದಸ್ಯ | ಕೊಟ್ಟದ್ದು | ಪಾಲು | ನಿವ್ವಳ ಬಾಕಿ |
|---|---|---|---|
| ಅ | 6000 | 3393 | +2607 |
| ಬ | 3200 | 3393 | −193 |
| ಕ | 2540 | 3394 | −854 |
| ಡ | 1600 | 3160 | −1560 |
| ಒಟ್ಟು | 13340 | 13340 | 0 |

ಇಲ್ಲಿ ಕೊನೆಯ ಸೊನ್ನೆಯ ಜೊತೆಗೆ ಮತ್ತೊಂದು ಹೊಂದಾಣಿಕೆಯನ್ನೂ ಗಮನಿಸಬೇಕು. ಖರ್ಚಿನ ಒಟ್ಟು ಮೊತ್ತ, ಕೊಟ್ಟ ಹಣದ ಒಟ್ಟು ಮೊತ್ತ ಮತ್ತು ಪಾಲುಗಳ ಒಟ್ಟು ಮೊತ್ತ ಈ ಮೂರೂ 13340 ಆಗಿವೆ. ನಿವ್ವಳ ಬಾಕಿಯ ಸೊನ್ನೆಯು ಹೇಳುವುದು ಕೊನೆಯ ಎರಡು ಮೊತ್ತಗಳು ಸಮವೆಂದು ಮಾತ್ರ. ಮೊದಲನೆಯದನ್ನು ಪ್ರತ್ಯೇಕವಾಗಿ ಹೋಲಿಸಬೇಕಾಗುತ್ತದೆ.

## ಸೊನ್ನೆ ಬಾರದಿದ್ದಾಗ

ಉಳಿಯುವ ವ್ಯತ್ಯಾಸವೇ ಸಾಮಾನ್ಯವಾಗಿ ತಪ್ಪಿನ ಸ್ಥಾನವನ್ನು ಸೂಚಿಸುತ್ತದೆ. ಮೇಲಿನ ಲೆಕ್ಕದಲ್ಲಿ ಮೀನೂಟದಿಂದ ಡನ ಹೆಸರನ್ನು ತೆಗೆದು, ಭಾಜಕವನ್ನು ಮಾತ್ರ ನಾಲ್ಕಾಗಿಯೇ ಬಿಟ್ಟರೆ ಮೂವರಿಗೂ ತಲಾ 175 ರೂಪಾಯಿ ಬೀಳುತ್ತದೆ. ಆಗ ನಿವ್ವಳ ಬಾಕಿಗಳು +2665, −135, −795, −1560 ಆಗಿ, ಅವುಗಳ ಮೊತ್ತ +175 ಎಂದು ಬರುತ್ತದೆ. ಧನ ವ್ಯತ್ಯಾಸ ಬಂದರೆ ಖರ್ಚಿನ ಒಂದು ಭಾಗ ಯಾರ ಪಾಲಿಗೂ ಹೋಗಿಲ್ಲವೆಂದು ಶಂಕಿಸಬೇಕು. 175 ಎಂಬುದು ಯಾವ ಖರ್ಚಿನ ನಾಲ್ಕನೆಯ ಒಂದು ಭಾಗವೆಂದು ನೋಡಿದರೆ 700ರ ಸಾಲು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಲೆಕ್ಕ ಬರೆಯುವವರಲ್ಲಿ ಬಳಕೆಯಲ್ಲಿರುವ ಇನ್ನೆರಡು ಸೂತ್ರಗಳೂ ಇಲ್ಲಿ ಉಪಯುಕ್ತ. ವ್ಯತ್ಯಾಸವು ಒಬ್ಬನ ಬಾಕಿಯ ಎರಡರಷ್ಟಿದ್ದರೆ ಅಲ್ಲಿ ಚಿಹ್ನೆ ತಿರುಗಿರಬಹುದು. ಬನ −193 ಅನ್ನು +193 ಎಂದು ಬರೆದರೆ ವ್ಯತ್ಯಾಸ 386 ಆಗುವುದು. ವ್ಯತ್ಯಾಸವು ಒಂಬತ್ತರಿಂದ ಭಾಗವಾಗುವಂತಿದ್ದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರುವ ಸಂಭವವಿದೆ. ಕನು ಕೊಟ್ಟ 1840 ಅನ್ನು 1480 ಎಂದು ನಮೂದಿಸಿ, ಪಾಲುಗಳನ್ನು ಮಾತ್ರ 1840ರಿಂದಲೇ ತೆಗೆದರೆ ವ್ಯತ್ಯಾಸ −360. ಇದು ಒಂಬತ್ತರ ನಲವತ್ತು ಪಟ್ಟು. ಒಂದೆರಡು ರೂಪಾಯಿಯಷ್ಟೇ ವ್ಯತ್ಯಾಸವಿದ್ದರೆ ಅದು ಬಹುಮಟ್ಟಿಗೆ ಭಾಗಾಕಾರದ ಶೇಷ. ಆದರೂ ಅದನ್ನು ಹಾಗೆಯೇ ಬಿಡುವುದು ಸರಿಯಲ್ಲ. ಯಾರ ಪಾಲಿಗೆ ಸೇರಿತೆಂದು ಬರೆದು ಸೊನ್ನೆಗೆ ತಂದರೆ ಮುಂದೆ ನಿಜವಾದ ತಪ್ಪು ಬಂದಾಗ ಅದು ಶೇಷದ ಹಿಂದೆ ಅಡಗುವುದಿಲ್ಲ.

## ಸೊನ್ನೆ ಬಂದರೂ ಉಳಿಯುವ ತಪ್ಪುಗಳು

ಈ ವರ್ಗದಲ್ಲಿ ಹೆಚ್ಚು ನಷ್ಟ ಉಂಟುಮಾಡುವ ತಪ್ಪೆಂದರೆ ಸದಸ್ಯರ ನಡುವಿನ ವರ್ಗಾವಣೆಯನ್ನು ಖರ್ಚೆಂದು ಬರೆಯುವುದು. ಪ್ರವಾಸದ ನಡುವೆಯೇ ಡನು ತನ್ನ ಬಾಕಿಯ ಅಂಗವಾಗಿ ಅನಿಗೆ ಯುಪಿಐ ಮೂಲಕ 1000 ರೂಪಾಯಿ ಕಳುಹಿಸಿದನೆಂದುಕೊಳ್ಳೋಣ. ಸರಿಯಾದ ಕ್ರಮದಲ್ಲಿ ಡನ ಬಾಕಿ −560ಕ್ಕೂ ಅನಿಗೆ ಬರಬೇಕಾದುದು +1607ಕ್ಕೂ ಇಳಿಯಬೇಕು; ಬ ಮತ್ತು ಕ ಇವರ ಬಾಕಿಗಳು ಬದಲಾಗಬಾರದು. ಆದರೆ ಆ ಸಾವಿರವನ್ನು ನಾಲ್ವರಿಗೂ ಸೇರಿದ ಹೊಸ ಖರ್ಚೆಂದು ನಮೂದಿಸಿದರೆ ಎಲ್ಲರ ಪಾಲೂ 250 ಏರಿ, ಬಾಕಿಗಳು ಕ್ರಮವಾಗಿ +2357, −443, −1104, −810 ಆಗುತ್ತವೆ. ಮೊತ್ತ ಆಗಲೂ ಸೊನ್ನೆಯೇ. ಆದರೆ ಬ, ಕ, ಡ ಇವರು ತಲಾ 250 ರೂಪಾಯಿ ಹೆಚ್ಚು ತೆರುತ್ತಾರೆ. ಅನಿಗೆ 750 ರೂಪಾಯಿ ಹೆಚ್ಚು ದೊರೆಯುತ್ತದೆ. ಇದನ್ನು ಗುರುತಿಸಲು ಒಂದೇ ದಾರಿ ಎಂದರೆ ಪಟ್ಟಿಯ ಪ್ರತಿ ಸಾಲಿನಲ್ಲೂ ಹಣವು ಗುಂಪಿನಿಂದ ಹೊರಗೆ ಹೋಗಿದೆಯೇ ಎಂದು ಕೇಳುವುದು. ಹೋಗಿರದಿದ್ದರೆ ಅದು ಖರ್ಚಲ್ಲ. ಅದನ್ನು ಕೊಟ್ಟವನ ಬಾಕಿಗೆ ಕೂಡಿಸಿ, ಪಡೆದವನ ಬಾಕಿಯಿಂದ ಕಳೆಯಬೇಕು.

ಎರಡನೆಯದು, ಹಣ ಕೊಟ್ಟವನ ಹೆಸರು ತಪ್ಪುವುದು. ಮೀನೂಟದ ಹಣವನ್ನು ಬ ಕೊಟ್ಟನೆಂದು ಬರೆದರೆ ಬನ ಬಾಕಿ +507, ಕನ ಬಾಕಿ −1554 ಆಗುತ್ತದೆ; ಮೊತ್ತ ಬದಲಾಗುವುದಿಲ್ಲ. ಮೂರನೆಯದು, ಖರ್ಚನ್ನೇ ಬರೆಯದೆ ಬಿಡುವುದು. ಬಿಟ್ಟುಹೋದ ಸಾಲು ಕೊಟ್ಟ ಹಣಕ್ಕೂ ಸೇರುವುದಿಲ್ಲ, ಪಾಲಿಗೂ ಸೇರುವುದಿಲ್ಲವಾದ್ದರಿಂದ ಎರಡು ಬದಿಗಳೂ ಸಮವಾಗಿಯೇ ಇರುತ್ತವೆ. ಈ ಎರಡಕ್ಕೂ ಪಟ್ಟಿಯ ಹೊರಗಿನ ಸಾಕ್ಷ್ಯವೇ ಬೇಕು. ಪ್ರತಿಯೊಬ್ಬನೂ ತನ್ನ ಹೆಸರಿನ ಮುಂದಿರುವ 'ಕೊಟ್ಟದ್ದು' ಮೊತ್ತವನ್ನು ತನ್ನ ಬಿಲ್ಲುಗಳೊಂದಿಗೂ ಬ್ಯಾಂಕ್ ವಿವರಣೆಯೊಂದಿಗೂ ಹೋಲಿಸಿ ಒಪ್ಪಿದರೆ ಇವೆರಡೂ ಬಹುಪಾಲು ಹೊರಬೀಳುತ್ತವೆ. ನಗದಾಗಿ ಕೊಟ್ಟ ಸಣ್ಣ ಖರ್ಚುಗಳನ್ನು ಮಾತ್ರ ಅಂದಂದೇ ಬರೆದಿಡಬೇಕಾಗುತ್ತದೆ.

## ಸ್ಪ್ರೆಡ್‌ಶೀಟಿನಲ್ಲಿ ತಾಳೆ

ಮೊತ್ತಗಳು B ಕಂಬದಲ್ಲಿ, ಕೊಟ್ಟವರ ಹೆಸರು C ಕಂಬದಲ್ಲಿ, 2ರಿಂದ 6ರವರೆಗಿನ ಸಾಲುಗಳಲ್ಲಿ ಇವೆಯೆಂದುಕೊಂಡರೆ ಅನು ಕೊಟ್ಟ ಹಣವನ್ನು ಹೀಗೆ ಪಡೆಯಬಹುದು:

```
=SUMIF(C2:C6,"ಅ",B2:B6)
```

ಇಲ್ಲಿ ಎರಡು ತೊಡಕುಗಳು ಸಾಮಾನ್ಯ. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಸ್ಥಳ ಸೇರಿದ್ದರೆ ಆ ಸಾಲಿನ ಹಣ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಗ ವ್ಯತ್ಯಾಸವು ಋಣವಾಗಿ, ಆ ಸಾಲಿನ ಪೂರ್ಣ ಮೊತ್ತದಷ್ಟೇ ಇರುತ್ತದೆ. ಇನ್ನೊಂದು, ಏಳನೆಯ ಸಾಲಿನಲ್ಲಿ ಹೊಸ ಖರ್ಚು ಬರೆದು ಸೂತ್ರಗಳ ವ್ಯಾಪ್ತಿಯನ್ನು ಹಿಗ್ಗಿಸದೆ ಬಿಡುವುದು. ಆ ಖರ್ಚು ಎರಡು ಬದಿಗಳಿಂದಲೂ ತಪ್ಪಿಹೋಗುವುದರಿಂದ ಸೊನ್ನೆ ಕೆಡುವುದಿಲ್ಲ. B ಕಂಬದ ಪೂರ್ಣ ಮೊತ್ತವನ್ನು ಬೇರೆಯಾಗಿ ತೆಗೆದು ಕೊಟ್ಟ ಹಣದ ಒಟ್ಟು ಮೊತ್ತದೊಂದಿಗೆ ಹೋಲಿಸಿದಾಗ ಮಾತ್ರ ಇದು ತಿಳಿಯುತ್ತದೆ.

ದಶಮಾಂಶಗಳಿರುವಾಗ ಗಣಕಯಂತ್ರವು ನಿಖರವಾದ ಸೊನ್ನೆಯ ಬದಲು ಅತಿ ಸೂಕ್ಷ್ಮವಾದ ಶೇಷವನ್ನು ತೋರಿಸಬಹುದು. ಬಾಕಿಗಳು J2ರಿಂದ J5ರವರೆಗೆ ಇದ್ದರೆ ಪೈಸೆಯ ಮಟ್ಟಿಗೆ ಹೊಂದಿಸಿ ನೋಡಬೇಕು:

```
=ROUND(SUM(J2:J5),2)
```

## ಬಾಡಿಗೆ ಮನೆಯ ಲೆಕ್ಕ

ಪ್ರವಾಸದ ಲೆಕ್ಕ ಒಮ್ಮೆಗೇ ಮುಗಿಯುತ್ತದೆ. ಬೆಂಗಳೂರಿನಂಥ ನಗರದಲ್ಲಿ ಒಟ್ಟಿಗೆ ಮನೆ ಹಿಡಿದವರ ಲೆಕ್ಕ ತಿಂಗಳಿನಿಂದ ತಿಂಗಳಿಗೆ ಸಾಗುತ್ತದೆ. ಹಿಂದಿನ ತಿಂಗಳ ಬಾಕಿಗಳನ್ನು ಮುಂದಕ್ಕೆ ತರುವಾಗ ಆ ಬಾಕಿಗಳ ಮೊತ್ತವೂ ಸೊನ್ನೆಯಾಗಿರಬೇಕು. ಮನೆ ಬಿಟ್ಟುಹೋದವನ ಬಾಕಿ ತೀರುವ ಮೊದಲೇ ಅವನ ಹೆಸರನ್ನು ಅಳಿಸಿದರೆ ಉಳಿದವರ ಲೆಕ್ಕ ಅಷ್ಟೇ ಮೊತ್ತಕ್ಕೆ ಕೆಡುತ್ತದೆ.

ದಿನಗಳ ಆಧಾರದ ಮೇಲೆ ಹಂಚುವ ಖರ್ಚಿನಲ್ಲಿ ಭಾಜಕವು ಜನರ ಸಂಖ್ಯೆಯಲ್ಲ, ಒಟ್ಟು ದಿನಗಳ ಸಂಖ್ಯೆ. ಮೂವರಲ್ಲಿ ಇಬ್ಬರು 30 ದಿನ, ಒಬ್ಬನು ಊರಿಗೆ ಹೋಗಿದ್ದರಿಂದ 15 ದಿನ ಊಟ ಮಾಡಿದ್ದರೆ ಒಟ್ಟು 75 ದಿನಗಳಾಗುತ್ತವೆ. ಅಡುಗೆಯ ಖರ್ಚು 9000 ರೂಪಾಯಿ ಇದ್ದರೆ ದಿನಕ್ಕೆ 120. ಪಾಲುಗಳು 3600, 3600, 1800. ಮನೆ ಬಾಡಿಗೆಯನ್ನು ಸಾಮಾನ್ಯವಾಗಿ ಹೀಗೆ ಹಂಚುವುದಿಲ್ಲ, ಏಕೆಂದರೆ ಕೊಠಡಿಯು ಖಾಲಿಯಿದ್ದರೂ ಬಾಡಿಗೆ ನಿಲ್ಲುವುದಿಲ್ಲ. ಮನೆಯ ಮಾಲೀಕರಿಗೆ ಕೊಟ್ಟ ಮುಂಗಡವು ಮರಳಿ ಬರುವ ಹಣವಾದ್ದರಿಂದ ಅದನ್ನು ಮಾಸಿಕ ಖರ್ಚಿನಲ್ಲಿ ಸೇರಿಸದೆ, ಯಾರು ಎಷ್ಟು ಕೊಟ್ಟರೆಂದು ಪ್ರತ್ಯೇಕವಾಗಿ ಬರೆದಿಡಬೇಕು. ಹೊಸದಾಗಿ ಬಂದವನು ಬಿಟ್ಟುಹೋಗುವವನ ಮುಂಗಡದ ಪಾಲನ್ನು ನೇರವಾಗಿ ಅವನಿಗೇ ಕೊಟ್ಟರೆ ಅದೂ ಒಂದು ವರ್ಗಾವಣೆಯೇ.

## ತೀರುವಳಿ

ತಾಳೆ ಸರಿಹೊಂದಿದ ಬಳಿಕ ಋಣದಲ್ಲಿರುವವರು ಧನದಲ್ಲಿರುವವರಿಗೆ ಹಣ ಕೊಡುತ್ತಾರೆ. ಜೋಗದ ಉದಾಹರಣೆಯಲ್ಲಿ ನಡುವೆ ಯಾವ ವರ್ಗಾವಣೆಯೂ ನಡೆದಿರದಿದ್ದರೆ ಬ 193, ಕ 854, ಡ 1560 ರೂಪಾಯಿಗಳನ್ನು ಅನಿಗೆ ಕೊಡಬೇಕು. ಗುಂಪಿನಲ್ಲಿ ಎಷ್ಟು ಜನರಿದ್ದಾರೋ ಅದಕ್ಕಿಂತ ಒಂದು ಕಡಿಮೆ ಪಾವತಿಗಳಲ್ಲಿ ಯಾವ ಲೆಕ್ಕವನ್ನಾದರೂ ತೀರಿಸಬಹುದು. ಗುಂಪಿನೊಳಗೆ ಕೆಲವರ ಬಾಕಿಗಳು ತಮ್ಮಲ್ಲಿಯೇ ಸೊನ್ನೆಯಾಗುವಂತಿದ್ದರೆ ಇನ್ನೂ ಕಡಿಮೆ ಸಾಕು. ಎಲ್ಲ ಪಾವತಿಗಳನ್ನೂ ಪಟ್ಟಿಯಲ್ಲಿ ವರ್ಗಾವಣೆಗಳಾಗಿ ನಮೂದಿಸಿದ ಮೇಲೆ ಮೊತ್ತವಷ್ಟೇ ಅಲ್ಲದೆ ಪ್ರತಿಯೊಬ್ಬನ ಬಾಕಿಯೂ ಸೊನ್ನೆಯಾದರೆ ಲೆಕ್ಕ ಚುಕ್ತಾ ಆಗಿದೆ ಎಂದರ್ಥ.